ಪಿಎಫ್ ದುಡ್ಡು ಕೈಗೆ ಬಂದಾಗ: ಸಂಬಳ ನಿಂತ ಮೇಲೆ ತಿಂಗಳ ವರಮಾನ ಕಟ್ಟುವ ಕ್ರಮ

ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ದಿನಾ ಬಸ್ಸು, ರೈಲು ಹತ್ತಿ ಮಂಗಳೂರಿನ ಖಾಸಗಿ ಕಂಪೆನಿಗಳಲ್ಲಿ ದುಡಿದವರು ಬಹಳ ಮಂದಿ ಇದ್ದಾರೆ. ಸರ್ಕಾರಿ ನೌಕರರಂತೆ ಇವರಿಗೆ ತುಂಬು ಪೆನ್ಷನ್ ಇಲ್ಲ. 58 ತುಂಬಿದಾಗ ಒಂದು ದೊಡ್ಡ ಗಂಟು ಕೈಗೆ ಬರುತ್ತದೆ, ತಿಂಗಳ ಸಂಬಳ ಮಾತ್ರ ನಿಲ್ಲುತ್ತದೆ. ಆ ಗಂಟನ್ನು ಮತ್ತೆ ತಿಂಗಳ ವರಮಾನ ಮಾಡುವ ಕೆಲಸ ನಮ್ಮದೇ.

ನನ್ನ ಭಾವ ಇದೇ ಹಂತದಲ್ಲಿದ್ದಾರೆ. ಮಂಗಳೂರಿನ ಒಂದು ಕಂಪೆನಿಯಲ್ಲಿ ಅಕೌಂಟೆಂಟ್, ಮನೆ ಬದಿಯಡ್ಕದ ಹತ್ತಿರ. ಅಕ್ಕನಿಗೆ 54. ಮಕ್ಕಳಿಬ್ಬರೂ ದುಡಿಯುತ್ತಿದ್ದಾರೆ. ಅವರ ಜೊತೆ ಕೂತು ಹಾಕಿದ ಲೆಕ್ಕವನ್ನೇ ಇಲ್ಲಿ ಬಿಡಿಸಿ ಹೇಳುತ್ತೇನೆ. ಅಂಕಿಗಳನ್ನು ಸುಲಭಕ್ಕಾಗಿ ದುಂಡಗೆ ಮಾಡಿದ್ದೇನೆ. ನಿಮ್ಮ ಅಂಕಿಗಳು ಬೇರೆ ಇರುತ್ತವೆ, ಕ್ರಮ ಮಾತ್ರ ಇದೇ.

ಆ ಕ್ರಮ ಇಷ್ಟು. ತಿಂಗಳು ತಿಂಗಳು ತಪ್ಪಿಸಲಾಗದ ಖರ್ಚಿಗೆ, ತಪ್ಪದೆ ಬರುವ ಹಣವನ್ನು ಮಾತ್ರ ನೆಚ್ಚಬೇಕು. ಅದು ಪಿಎಫ್‌ನ ಪೆನ್ಷನ್, ವಿಮಾ ಕಂಪೆನಿ ಜೀವನವಿಡೀ ಕೊಡುವ ಆನ್ಯುಟಿ ಮತ್ತು ಪಿಎಫ್ ಹಣದಿಂದ ಬರುವ ಬಡ್ಡಿ. ವರ್ಷಕ್ಕೊಮ್ಮೆ ಬರುವ ಖರ್ಚಿಗೆ ಡಿವಿಡೆಂಡ್, ಅಂದರೆ ಷೇರಿಗೆ ಕಂಪೆನಿ ಹಂಚುವ ಲಾಭದ ಪಾಲು ಸಾಕು. ಎಪ್ಪತ್ತು ದಾಟಿದ ಮೇಲಿನ ಖರ್ಚಿಗೆ ಇವತ್ತು ಮುಟ್ಟದೆ ಬಿಡುವ ಹಣ ಬೇಕು. ಈ ಮೂರನ್ನು ಕಲಸಿದರೆ ಲೆಕ್ಕ ತಪ್ಪುತ್ತದೆ.

ಮೊದಲು ಖರ್ಚು, ಆಮೇಲೆ ಹೂಡಿಕೆ

ಏಜೆಂಟರು ಮನೆಗೆ ಬರುವ ಮೊದಲೇ ಖರ್ಚಿನ ಪಟ್ಟಿ ಸಿದ್ಧವಿರಲಿ. ಬ್ಯಾಂಕ್ ಪಾಸ್‌ಬುಕ್ ತೆಗೆದು ಹಿಂದಿನ ಒಂದು ವರ್ಷದ್ದನ್ನು ಎರಡು ಭಾಗ ಮಾಡಿ. ಅಕ್ಕಿ, ತರಕಾರಿ, ಹಾಲು, ಗ್ಯಾಸ್, ಕರೆಂಟು, ಔಷಧಿ, ಫೋನು, ಬಸ್ಸು ಇವು ಒಂದು ಕಡೆ. ಆರೋಗ್ಯ ವಿಮೆಯ ಕಂತು, ಪಂಚಾಯತ್ ತೆರಿಗೆ, ಸ್ಕೂಟರ್ ವಿಮೆ, ಮದುವೆ, ಉಪನಯನ, ಊರ ದೇವಸ್ಥಾನದ ಜಾತ್ರೆ ಇವು ಇನ್ನೊಂದು ಕಡೆ.

ಅಕ್ಕನ ಮನೆಯಲ್ಲಿ ಮೊದಲನೆಯದು ತಿಂಗಳಿಗೆ 15,000 ಬಂತು. ಎರಡನೆಯದು ವರ್ಷಕ್ಕೆ 50,000, ಅದರಲ್ಲಿ ಆರೋಗ್ಯ ವಿಮೆಯೇ 35,000. ಮನೆ ಸ್ವಂತದ್ದು, ಹಾಗಾಗಿ ಬಾಡಿಗೆ ಇಲ್ಲ. ಅವರಿಗೆ ಸ್ವಲ್ಪ ಅಡಿಕೆ ಇದೆ. ಆದರೆ ಅದನ್ನು ವರಮಾನಕ್ಕೆ ಹಿಡಿಯಲಿಲ್ಲ. ಮಳೆ ಜಾಸ್ತಿಯಾಗಿ ಕೊಳೆರೋಗ ಬಂದ ವರ್ಷ ಏನಾಗುತ್ತದೆ ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಅಲ್ವಾ?

ಪಿಎಫ್ ಪೆನ್ಷನ್ ಎಷ್ಟು ಬರುತ್ತದೆ

ಪಿಎಫ್‌ನಲ್ಲಿ ಎರಡು ಡಬ್ಬಿಗಳಿವೆ. ನಿಮ್ಮ ಸಂಬಳದಿಂದ ಹಿಡಿಯುವ ಶೇ 12 ಪೂರ್ತಿ ಪಿಎಫ್ ಖಾತೆಗೆ ಹೋಗುತ್ತದೆ. ಮಾಲೀಕರು ಹಾಕುವ ಶೇ 12ರಲ್ಲಿ ಶೇ 8.33 ಪೆನ್ಷನ್ ಯೋಜನೆಗೆ, ಅಂದರೆ ಇಪಿಎಸ್‌ಗೆ ಹೋಗುತ್ತದೆ. ಆದರೆ ಆ 8.33ನ್ನು ಲೆಕ್ಕ ಹಾಕುವುದು 15,000 ರೂಪಾಯಿ ಸಂಬಳದ ಮಿತಿಯೊಳಗೆ. ನಿಮಗೆ ನಲವತ್ತು ಸಾವಿರ ಸಂಬಳ ಇದ್ದರೂ ಪೆನ್ಷನ್ ಡಬ್ಬಿಗೆ ಬೀಳುವುದು ತಿಂಗಳಿಗೆ 1,250 ಮಾತ್ರ. ಹೆಚ್ಚಿನ ಸಂಬಳಕ್ಕೆ ಪೆನ್ಷನ್ ಬೇಕೆಂದು ಮೊದಲೇ ಬರೆದುಕೊಟ್ಟವರ ಕಥೆ ಬೇರೆ.

ಪೆನ್ಷನ್ ಲೆಕ್ಕದ ಸೂತ್ರ ಸರಳ: ಪೆನ್ಷನ್‌ಗೆ ಹಿಡಿಯುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುವುದು. ಸಂಬಳ ಎಂದರೆ ಕೊನೆಯ 60 ತಿಂಗಳ ಸರಾಸರಿ, ಮಿತಿಯೊಳಗೆ. ಇಲ್ಲೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. 15,000ದ ಮಿತಿ ಬಂದದ್ದು 2014ರ ಸೆಪ್ಟೆಂಬರ್ 1ರಿಂದ. ಅದಕ್ಕೂ ಮೊದಲಿನ ಸೇವೆಗೆ 6,500ರ ಮಿತಿಯಲ್ಲೇ ಲೆಕ್ಕ.

ಭಾವ ಸೇರಿದ್ದು 1996ರ ಸೆಪ್ಟೆಂಬರ್‌ನಲ್ಲಿ. 58 ತುಂಬುವುದು 2026ರ ಆಗಸ್ಟ್ ಕೊನೆಗೆ. ಮೊದಲ 18 ವರ್ಷಕ್ಕೆ 6,500, ನಂತರದ 12 ವರ್ಷಕ್ಕೆ 15,000. ಗುಣಿಸಿ, ಕೂಡಿಸಿ, 70ರಿಂದ ಭಾಗಿಸಿದರೆ ಸುಮಾರು 4,240. ಇಪ್ಪತ್ತು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಸೇವೆ ಇದ್ದವರಿಗೆ ಎರಡು ವರ್ಷ ಹೆಚ್ಚುವರಿ ಸೇರಿಸುತ್ತಾರೆ. ಅದೂ ಸೇರಿ 4,500ರ ಆಸುಪಾಸು ಎಂದು ಇಟ್ಟುಕೊಂಡೆವು. ಮೂವತ್ತು ವರ್ಷ ದುಡಿದು ಇಷ್ಟೇನಾ ಎಂದು ಭಾವನಿಗೆ ಬೇಜಾರಾಯಿತು. ಬೇಜಾರು ನ್ಯಾಯವಾದದ್ದೇ. ಆದರೆ ಈ ಅಂಕಿ ಮೊದಲೇ ಗೊತ್ತಾದರೆ ಉಳಿದ ಲೆಕ್ಕ ಗಟ್ಟಿಯಾಗುತ್ತದೆ.

58ರ ನಂತರವೂ ಬೇರೆ ವರಮಾನ ಇರುವವರು ಪೆನ್ಷನ್ ಶುರುಮಾಡುವುದನ್ನು 60ರ ತನಕ ಮುಂದೂಡಬಹುದು. ತಡಮಾಡಿದ ಪ್ರತಿ ವರ್ಷಕ್ಕೆ ಶೇ 4 ಜಾಸ್ತಿ ಸಿಗುತ್ತದೆ. ಭಾವನಿಗೆ ಅಂಥ ವರಮಾನ ಇಲ್ಲ, ಹಾಗಾಗಿ 58ಕ್ಕೇ ಶುರು.

ಕಂಪೆನಿ ಬಿಡುವ ಮೊದಲು ಮಾಡಬೇಕಾದ್ದು

ನಿವೃತ್ತಿಗೆ ಆರು ತಿಂಗಳು ಇರುವಾಗಲೇ ಪಿಎಫ್‌ನ ಯುಎಎನ್ ಪೋರ್ಟಲ್ ತೆರೆದು ನಿಮ್ಮ ವಿವರ ನೋಡಿ. ಹೆಸರು, ಹುಟ್ಟಿದ ದಿನ, ತಂದೆಯ ಹೆಸರು, ಸೇರಿದ ದಿನ, ಹಳೆಯ ಕಂಪೆನಿಗಳ ಸೇವೆ. ನಮ್ಮ ಕಡೆ ಅರ್ಜಿ ಸಿಕ್ಕಿಬೀಳುವುದು ಹೆಚ್ಚಾಗಿ ಹೆಸರಿನಲ್ಲಿ. ಕಂಪೆನಿಯ ದಾಖಲೆಯಲ್ಲಿ ಇನಿಷಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ ಇರುತ್ತದೆ. ಒಂದು ಕಡೆ ಮನೆತನದ ಹೆಸರು ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಭಟ್ಟರ ಹೆಸರಿನಲ್ಲಿ ಒಂದು ಟಿ, ಎರಡು ಟಿ ಬೇರೆ. ಕಾಸರಗೋಡಿನ ಆಧಾರ್ ಕಾರ್ಡಿನಲ್ಲಿ ಮಲಯಾಳದಲ್ಲಿ ಏನಿದ್ದರೂ ತೊಂದರೆ ಇಲ್ಲ, ತಾಳೆ ನೋಡುವುದು ಇಂಗ್ಲಿಷ್ ಅಕ್ಷರಗಳನ್ನು. ವ್ಯತ್ಯಾಸ ಇದ್ದರೆ ಜಂಟಿ ಘೋಷಣೆಯ ಮೂಲಕ ತಿದ್ದಿಸಬಹುದು, ಆದರೆ ಅದಕ್ಕೆ ಕಂಪೆನಿಯ ಒಪ್ಪಿಗೆ ಬೇಕಾಗುತ್ತದೆ. ನೀವು ಇನ್ನೂ ಅಲ್ಲಿ ಕೆಲಸದಲ್ಲಿರುವಾಗ ಅದು ಸುಲಭ. ಬಿಟ್ಟ ಮೇಲೆ ಹತ್ತು ಸಲ ಅಲೆಯಬೇಕು.

ಹಳೆಯ ಕಂಪೆನಿಯ ಪಿಎಫ್ ವರ್ಗಾವಣೆ ಆಗಿದೆಯೇ ಎಂದೂ ನೋಡಿ. ಅದು ಆಗದಿದ್ದರೆ ಹಣ ಎಲ್ಲೂ ಹೋಗುವುದಿಲ್ಲ, ಆದರೆ ಆ ವರ್ಷಗಳು ಪೆನ್ಷನ್ ಸೇವೆಗೆ ಸೇರುವುದಿಲ್ಲ. ಭಾಗಿಸುವುದು 70ರಿಂದ, ಆದ್ದರಿಂದ ನಾಲ್ಕೈದು ವರ್ಷ ಕಾಣೆಯಾದರೆ ಜೀವನವಿಡೀ ತಿಂಗಳಿಗೆ ನಾನೂರರಿಂದ ಸಾವಿರದ ತನಕ ಕಾಣೆ.

ಅರ್ಜಿ ಎರಡು. ಪಿಎಫ್ ಗಂಟಿಗೆ ನಮೂನೆ 19, ಪೆನ್ಷನ್‌ಗೆ ನಮೂನೆ 10ಡಿ. ಹತ್ತೊಂಬತ್ತನ್ನು ಮಾತ್ರ ಹಾಕಿ, ಹಣ ಬಂತು ಎಂದು ಸುಮ್ನೆ ಕೂತವರನ್ನು ನೋಡಿದ್ದೇನೆ. ಪೆನ್ಷನ್ ತಾನಾಗಿ ಬರುವುದಿಲ್ಲ, 10ಡಿ ಹಾಕಲೇಬೇಕು. ಗಂಡ ಹೆಂಡತಿ ಒಟ್ಟಿಗಿರುವ ಫೋಟೋ ಮತ್ತು ಬ್ಯಾಂಕ್ ಪಾಸ್‌ಬುಕ್ ಅದಕ್ಕೆ ಬೇಕು.

ಗಡಿಯವರಿಗೆ ಒಂದು ಅನುಕೂಲ ಆಗಿದೆ. ಮೊದಲು ಪೆನ್ಷನ್ ಕೊಡುವ ಬ್ಯಾಂಕು ಆಯಾ ಪಿಎಫ್ ಕಚೇರಿಗೆ ಅಂಟಿಕೊಂಡಿರುತ್ತಿತ್ತು. ದುಡಿದದ್ದು ಕರ್ನಾಟಕದಲ್ಲಿ, ಮನೆ ಕೇರಳದಲ್ಲಿ ಎಂದರೆ ಕಡತ ಅಲ್ಲಿಂದಿಲ್ಲಿಗೆ ಹೋಗಬೇಕಿತ್ತು. 2025ರ ಜನವರಿಯಿಂದ ದೇಶದ ಯಾವ ಬ್ಯಾಂಕಿನ ಯಾವ ಶಾಖೆಯಲ್ಲಾದರೂ ಪೆನ್ಷನ್ ಪಡೆಯಬಹುದು. ಬದಿಯಡ್ಕದ ಶಾಖೆಯ ಖಾತೆಯನ್ನೇ ಕೊಡಿ. ಜೀವಂತ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಕೊಡಬೇಕು. ಕೊಟ್ಟ ದಿನದಿಂದ ಹನ್ನೆರಡು ತಿಂಗಳು ಅದು ನಡೆಯುತ್ತದೆ. ಮರೆತರೆ ಪೆನ್ಷನ್ ನಿಲ್ಲುತ್ತದೆ.

ಗಂಟನ್ನು ಎಲ್ಲಿಡಬೇಕು

ಭಾವನ ಪಿಎಫ್‌ನಲ್ಲಿ 24 ಲಕ್ಷ ಇದೆ. ಗ್ರಾಚ್ಯುಟಿ ನಾಲ್ಕೂವರೆ ಲಕ್ಷ. ಒಟ್ಟು ಇಪ್ಪತ್ತೆಂಟೂವರೆ. ಇವೆರಡಕ್ಕೂ ಅವರು ತೆರಿಗೆ ಕಟ್ಟಬೇಕಾಗಿಲ್ಲ.

ಹಣವನ್ನು ಪಿಎಫ್‌ನಲ್ಲೇ ಬಿಟ್ಟರೆ ಆಗದೇ ಎಂದು ಅವರು ಕೇಳಿದರು. ಸ್ವಲ್ಪ ಕಾಲ ಆಗುತ್ತದೆ. 55ರ ನಂತರ ನಿವೃತ್ತರಾದವರ ಖಾತೆಗೆ ಮೂರು ವರ್ಷ ತನಕ ಬಡ್ಡಿ ಬರುತ್ತದೆ, ಆಮೇಲೆ ನಿಲ್ಲುತ್ತದೆ. ಕೆಲಸ ಬಿಟ್ಟ ನಂತರದ ಬಡ್ಡಿಗೆ ತೆರಿಗೆಯೂ ಇದೆ. ಎಲ್ಲಕ್ಕಿಂತ ಮುಖ್ಯ, ಅದು ತಿಂಗಳ ವರಮಾನ ಕೊಡುವುದಿಲ್ಲ. ಹಾಗಾಗಿ ತೆಗೆಯುವುದೇ ಸರಿ ಎನಿಸಿತು.

ಮೊದಲು ಸಾಲ. ಮನೆ ರಿಪೇರಿಗೆ ತೆಗೆದ ಸಾಲದಲ್ಲಿ 2 ಲಕ್ಷ ಬಾಕಿ ಇತ್ತು, ಶೇ 11 ಬಡ್ಡಿ. ಆ ಬಡ್ಡಿಗಿಂತ ಜಾಸ್ತಿ ಕೊಡುವ ಭದ್ರವಾದ ಹೂಡಿಕೆ ಯಾವುದೂ ಇಲ್ಲ, ಹಾಗಾಗಿ ಮೊದಲ ದಿನವೇ ತೀರಿಸುವುದು. ಆಪತ್ತಿಗೆಂದು ಎರಡೂವರೆ ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ.

ನಂತರ 12 ಲಕ್ಷ ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ. 60 ಆಗದಿದ್ದರೂ, 55 ದಾಟಿ ನಿವೃತ್ತರಾದವರು ಇದಕ್ಕೆ ಸೇರಬಹುದು. ಷರತ್ತು ಏನೆಂದರೆ ನಿವೃತ್ತಿಯ ಹಣ ಕೈಗೆ ಬಂದ ಮೂರು ತಿಂಗಳೊಳಗೆ ಹಾಕಬೇಕು, ಬಂದ ಹಣಕ್ಕಿಂತ ಹೆಚ್ಚು ಹಾಕುವಂತಿಲ್ಲ, ಮತ್ತು ನಿವೃತ್ತಿಯ ದಿನ, ಸಿಕ್ಕ ಹಣದ ವಿವರ ಇರುವ ಕಂಪೆನಿಯ ಪತ್ರ ಬೇಕು. ಆ ಪತ್ರವನ್ನು ಕಂಪೆನಿ ಬಿಡುವ ದಿನವೇ ಕೇಳಿ ತನ್ನಿ. ಮೂರು ತಿಂಗಳು ದಾಟಿದರೆ 60ರ ತನಕ ಕಾಯಬೇಕು. ಖಾತೆಯನ್ನು ಗಂಡ ಹೆಂಡತಿ ಜಂಟಿಯಾಗಿ ತೆರೆಯಿರಿ. ಯಾಕೆ ಎಂದು ಕೊನೆಗೆ ಹೇಳುತ್ತೇನೆ.

2023ರ ಏಪ್ರಿಲ್‌ನಿಂದ ಇದರ ಬಡ್ಡಿ ಶೇ 8.2. ಸರ್ಕಾರ ಮೂರು ತಿಂಗಳಿಗೊಮ್ಮೆ ದರ ನೋಡುತ್ತದೆ, ಆದರೆ ನೀವು ಹಾಕಿದ ದಿನದ ದರ ಐದು ವರ್ಷ ಬದಲಾಗುವುದಿಲ್ಲ. 12 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 24,600 ಬರುತ್ತದೆ, ಅಂದರೆ ತಿಂಗಳಿಗೆ 8,200. ಬಂದ ಬಡ್ಡಿಯನ್ನು ಅಲ್ಲೇ ಬಿಟ್ಟರೆ ಅದಕ್ಕೆ ಬಡ್ಡಿ ಇಲ್ಲ. ಆದ್ದರಿಂದ ಉಳಿತಾಯ ಖಾತೆಗೆ ತಾನಾಗಿ ಬೀಳುವಂತೆ ಬರೆದುಕೊಡಿ.

ಹತ್ತಿರದ ಸರ್ವೀಸ್ ಸಹಕಾರಿ ಬ್ಯಾಂಕಿನಲ್ಲಿ ಬಡ್ಡಿ ಚೆನ್ನಾಗಿದೆ, ಪರಿಚಯದವರೂ ಇದ್ದಾರೆ, ಅಲ್ಲೇ ಎಲ್ಲ ಇಡೋಣ ಎಂಬ ಮಾತು ಪ್ರತಿ ಮನೆಯಲ್ಲೂ ಬರುತ್ತದೆ. ಒಂದು ವಿಷಯ ತಿಳಿದಿರಲಿ. ಬ್ಯಾಂಕ್ ಠೇವಣಿಗೆ ಇರುವ 5 ಲಕ್ಷದ ವಿಮೆ ಇಂಥ ಪ್ರಾಥಮಿಕ ಸಂಘಗಳಿಗೆ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ. ಕೇರಳ ಸರ್ಕಾರದ ಖಾತರಿ ನಿಧಿ ಬೇರೆ ವ್ಯವಸ್ಥೆ. ದಿನಬಳಕೆಯ ಸಣ್ಣ ಮೊತ್ತ ಇರಲಿ, ಜೀವಮಾನದ ಗಂಟು ಅಲ್ಲಿ ಬೇಡ.

ಆನ್ಯುಟಿ: ಯಾವುದು, ಯಾವಾಗ

ಆನ್ಯುಟಿ ಎಂದರೆ ವಿಮಾ ಕಂಪೆನಿಗೆ ಒಂದೇ ಸಲ ಹಣ ಕೊಡುವುದು, ಅವರು ನೀವು ಬದುಕಿರುವ ತನಕ ನಿಗದಿತ ಮೊತ್ತ ಕೊಡುತ್ತಾ ಹೋಗುವುದು. ದರ ಒಮ್ಮೆ ನಿಂತರೆ ನಿಂತ ಹಾಗೆ. ಮುಂದೆ ಬ್ಯಾಂಕ್ ಬಡ್ಡಿ ಶೇ 4ಕ್ಕೆ ಇಳಿದರೂ ನಿಮ್ಮದು ಇಳಿಯುವುದಿಲ್ಲ. ಹಾಗೆಯೇ, ಅಕ್ಕಿಯ ಬೆಲೆ ಏರಿದರೂ ನಿಮ್ಮದು ಏರುವುದಿಲ್ಲ.

ಅಂಚೆ ಕಚೇರಿಯಲ್ಲಿ 8.2 ಸಿಗುವಾಗ ಇದು ಯಾಕೆ ಬೇಕು? ಆ 8.2 ಐದು ವರ್ಷದ ಮಾತು. ಆಮೇಲೆ ಮೂರು ವರ್ಷ ಮುಂದುವರಿಸಬಹುದು, ಆದರೆ ಆಗಿನ ದರಕ್ಕೆ. ಅಕ್ಕನಿಗೆ ಈಗ 54, ಅವಳಿಗೆ ಇನ್ನು ಮೂವತ್ತು ವರ್ಷದ ವರಮಾನ ಬೇಕು. ಒಂದು ಪಾಲಾದರೂ ಜೀವನಪೂರ್ತಿ ಕಟ್ಟಿಹಾಕಿದ ದರದಲ್ಲಿರಬೇಕು.

ಕೌಂಟರಿನಲ್ಲಿ ಹತ್ತು ಬಗೆಯ ಆಯ್ಕೆಗಳನ್ನು ಮುಂದಿಡುತ್ತಾರೆ. ತಲೆಬಿಸಿ ಬೇಡ, ಕೇಳಬೇಕಾದ ಪ್ರಶ್ನೆ ಎರಡೇ. ನಾನು ಹೋದ ಮೇಲೆ ಹೆಂಡತಿಗೆ ಪೂರ್ತಿ ಬರುತ್ತದೆಯೇ? ಇಬ್ಬರೂ ಹೋದ ಮೇಲೆ ಕೊಟ್ಟ ಹಣ ಮಕ್ಕಳಿಗೆ ವಾಪಸ್ ಬರುತ್ತದೆಯೇ?

ಮೊದಲನೆಯದಕ್ಕೆ ಉತ್ತರ ಹೌದು ಎಂದೇ ಇರಬೇಕು, ಇದರಲ್ಲಿ ರಾಜಿ ಬೇಡ. ಒಬ್ಬರ ಹೆಸರಿಗೆ ಮಾತ್ರ ತೆಗೆದರೆ ಸ್ವಲ್ಪ ಜಾಸ್ತಿ ಸಿಗುತ್ತದೆ. ಆ ಸ್ವಲ್ಪದ ಆಸೆಗೆ ಹೆಂಡತಿಯ ಇಡೀ ವೃದ್ಧಾಪ್ಯವನ್ನು ಪಣಕ್ಕಿಡಬಾರದು.

ಎರಡನೆಯದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಮೂಲ ಹಣ ವಾಪಸ್ ಬರುವ ಆನ್ಯುಟಿಯಲ್ಲಿ ಕಂಪೆನಿ ಕೊಡುವುದು ನಿಮ್ಮ ಹಣದ ಬಡ್ಡಿ ಮಾತ್ರ. ಹಾಗಾಗಿ ನೀವು 58ಕ್ಕೆ ತೆಗೆದರೂ 70ಕ್ಕೆ ತೆಗೆದರೂ ದರದಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ವಾಪಸ್ ಬರದ ಆನ್ಯುಟಿ ಹಾಗಲ್ಲ. ಅದರಲ್ಲಿ ಬಡ್ಡಿಯ ಜೊತೆ ಮೂಲ ಹಣವೂ ಸ್ವಲ್ಪ ಸ್ವಲ್ಪ ನಿಮಗೇ ಬರುತ್ತದೆ. ಬೇಗ ತೀರಿಕೊಂಡವರ ಉಳಿಕೆ ಹಣದಿಂದ ಹೆಚ್ಚು ವರ್ಷ ಬದುಕಿದವರಿಗೆ ಕೊಡುತ್ತಾರೆ. ವಯಸ್ಸು ಜಾಸ್ತಿಯಾದಷ್ಟು ಈ ದರ ಏರುತ್ತದೆ. 58ರಲ್ಲಿ ವ್ಯತ್ಯಾಸ ಸಣ್ಣದು, ಎಪ್ಪತ್ತರ ಹತ್ತಿರ ಎದ್ದು ಕಾಣುವಷ್ಟು.

ಇದರಿಂದ ನಾನು ತೆಗೆದುಕೊಂಡ ತೀರ್ಮಾನ ಹೀಗೆ. ಈಗ 8 ಲಕ್ಷಕ್ಕೆ ಮಾತ್ರ ಆನ್ಯುಟಿ, ಇಬ್ಬರ ಜೀವಕ್ಕೆ, ಮೂಲ ಹಣ ವಾಪಸ್ ಬರುವಂಥದ್ದು. ಈಗಿನ ದರ ಕಟ್ಟಿಹಾಕಲು ಅಷ್ಟು ಸಾಕು. ಅಂಚೆಯ 12 ಲಕ್ಷದ ಅವಧಿ, ಮುಂದುವರಿಸಿದ್ದೂ ಸೇರಿ, ಭಾವನಿಗೆ 66 ಆಗುವಾಗ ಮುಗಿಯುತ್ತದೆ. ಆಗ ಅದರಲ್ಲಿ ಒಂದು ಪಾಲಿಗೆ ವಾಪಸ್ ಬರದ ಆನ್ಯುಟಿ ತೆಗೆಯುವುದು. ಇಡೀ ಗಂಟನ್ನು 58ಕ್ಕೇ ಆನ್ಯುಟಿಗೆ ಸುರಿಯುವುದು ನನ್ನ ಮಟ್ಟಿಗೆ ತಪ್ಪು. ಒಮ್ಮೆ ಕೊಟ್ಟ ಹಣವನ್ನು ಮತ್ತೆ ಬೇಕಾದಾಗ ಎತ್ತಲಾಗುವುದಿಲ್ಲ.

8 ಲಕ್ಷಕ್ಕೆ ಶೇ 6.5 ಎಂದು ಹಿಡಿದರೆ ವರ್ಷಕ್ಕೆ 52,000, ತಿಂಗಳಿಗೆ 4,300ರಷ್ಟು. ದರ ಕಂಪೆನಿಯಿಂದ ಕಂಪೆನಿಗೆ ಬೇರೆ. ಎಲ್‌ಐಸಿಯದ್ದೂ ಸೇರಿ ಮೂರು ಕಡೆ ಒಂದೇ ದಿನ, ಒಂದೇ ಆಯ್ಕೆಗೆ ಬರಹದಲ್ಲಿ ಅಂದಾಜು ತೆಗೆದುಕೊಳ್ಳಿ.

ಇಲ್ಲೊಂದು ಮೋಸ ನಡೆಯುತ್ತದೆ. ಪೆನ್ಷನ್ ಪ್ಲಾನ್ ಎಂದು ಹೇಳಿ ಹತ್ತು ವರ್ಷ ಕಂತು ಕಟ್ಟುವ ಪಾಲಿಸಿಯನ್ನು ನಿವೃತ್ತರ ತಲೆಗೆ ಕಟ್ಟುತ್ತಾರೆ. ಗುರುತಿಸುವುದು ಸುಲಭ. ಮುಂದಿನ ವರ್ಷವೂ ನಾನು ಹಣ ಕಟ್ಟಬೇಕೇ ಎಂದು ಕೇಳಿ. ಹೌದು ಎಂದರೆ ಅದು ನಿಮಗೆ ಬೇಕಾದದ್ದಲ್ಲ. ಮೊದಲ ಪಾವತಿ ಯಾವ ತಿಂಗಳು ಎಂದೂ ಕೇಳಿ. ಐದು ವರ್ಷದ ನಂತರ ಎಂದರೆ ಅದೂ ಅಲ್ಲ. ಪಾಲಿಸಿ ಕೈಗೆ ಬಂದ ಮೇಲೆ ತಪ್ಪು ಗೊತ್ತಾದರೆ 30 ದಿನದೊಳಗೆ ವಾಪಸ್ ಮಾಡುವ ಹಕ್ಕು ನಿಮಗಿದೆ. ಆ ಮೂವತ್ತು ದಿನದಲ್ಲಿ ಮಗನೋ ಮಗಳೋ ಒಮ್ಮೆ ಓದಲಿ.

ಈಗ ತಿಂಗಳ ಲೆಕ್ಕ ಕೂಡಿಸಿ. ಪಿಎಫ್ ಪೆನ್ಷನ್ 4,500, ಆನ್ಯುಟಿ 4,300, ಅಂಚೆ ಬಡ್ಡಿ 8,200. ಒಟ್ಟು 17,000. ತಪ್ಪಿಸಲಾಗದ ಖರ್ಚು 15,000. ತಿಂಗಳ ಖರ್ಚು ದಾಟಿ 2,000 ಉಳಿಯಿತು. ಇಲ್ಲಿಯವರೆಗೆ ಡಿವಿಡೆಂಡಿನ ಒಂದು ಪೈಸೆಯನ್ನೂ ಸೇರಿಸಿಲ್ಲ ಎಂಬುದನ್ನು ಗಮನಿಸಿ.

ಡಿವಿಡೆಂಡ್: ವರ್ಷದ ಖರ್ಚಿಗೆ

ನಮ್ಮ ಕಡೆ ಷೇರು ಎಂದರೆ ತುಂಬಾ ಮನೆಗಳಲ್ಲಿ ಬ್ಯಾಂಕ್ ಷೇರು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್ ಎಲ್ಲವೂ ಹುಟ್ಟಿದ್ದು ಮಂಗಳೂರು, ಉಡುಪಿಯಲ್ಲಿ. ಅಪ್ಪನ ಕಾಲದ ಕಾಗದದ ಷೇರುಪತ್ರ ಟ್ರಂಕಿನಲ್ಲಿ ಇರುವ ಮನೆಗಳು ಈಗಲೂ ಇವೆ. ಹೊಸ ಷೇರು ಕೊಳ್ಳುವ ಮೊದಲು ಅದನ್ನು ಹುಡುಕಿ.

ಭಾವನ ತಂದೆಯ ಹೆಸರಿನಲ್ಲಿ ವಿಜಯಾ ಬ್ಯಾಂಕಿನ 500 ಷೇರು ಇತ್ತು. ಬ್ಯಾಂಕೇ ಇಲ್ಲ, ಇನ್ನೇನು ಎಂದು ಬಿಟ್ಟಿದ್ದರು. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿದಾಗ 1,000 ಷೇರಿಗೆ 402 ಬರೋಡಾ ಷೇರು ಕೊಟ್ಟರು. ಅವರದ್ದು 201 ಆಗಿದೆ. 2020ರಲ್ಲಿ ಸಿಂಡಿಕೇಟ್ ಕೆನರಾದಲ್ಲಿ ಸೇರಿದಾಗ 1,000ಕ್ಕೆ 158, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದಾಗ 1,000ಕ್ಕೆ 330. ನಿಮ್ಮ ಟ್ರಂಕಿನ ಲೆಕ್ಕವನ್ನು ಹೀಗೆಯೇ ಹಾಕಿಕೊಳ್ಳಿ.

ತೀರಿಹೋದವರ ಹೆಸರಿನ ಷೇರನ್ನು ವಾರಸುದಾರರ ಹೆಸರಿಗೆ ಮಾಡಿ ಡಿಮ್ಯಾಟ್ ಖಾತೆಗೆ ತರಬೇಕು. ಕಾಗದದ ಷೇರಿಗೆ 2024ರ ಏಪ್ರಿಲ್‌ನಿಂದ ಪ್ಯಾನ್, ಬ್ಯಾಂಕ್ ಖಾತೆ ಮುಂತಾದ ವಿವರ ದಾಖಲಾಗದೆ ಡಿವಿಡೆಂಡ್ ಕೊಡುವುದಿಲ್ಲ, ಕೊಟ್ಟರೂ ನೇರ ಬ್ಯಾಂಕಿಗೆ ಮಾತ್ರ. ಏಳು ವರ್ಷ ಸತತ ಯಾರೂ ಪಡೆಯದ ಡಿವಿಡೆಂಡ್ ಮತ್ತು ಆ ಷೇರುಗಳು ಕೇಂದ್ರದ ಹೂಡಿಕೆದಾರರ ರಕ್ಷಣಾ ನಿಧಿಗೆ ಹೋಗುತ್ತವೆ. ಹೋದರೂ ಕಳೆದುಹೋಗಿಲ್ಲ, iepf.gov.in ತಾಣದಲ್ಲಿ ಹೆಸರು ಹುಡುಕಿ IEPF-5 ನಮೂನೆಯಲ್ಲಿ ವಾಪಸ್ ಕೇಳಬಹುದು. ಕಾಸರಗೋಡಿನ ತಹಶೀಲ್ದಾರರು ಕೊಡುವ ವಾರಸು ಪ್ರಮಾಣಪತ್ರ ಮಲಯಾಳದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿಡಿ, ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಕೂತವರಿಗೆ ಅದು ಬೇಕಾಗುತ್ತದೆ. ಕೆಲಸ ನಿಧಾನ, ತಿಂಗಳುಗಳೇ ಹಿಡಿಯುತ್ತವೆ. ಬಂದ ಹಣದಲ್ಲಿ ಪಾಲು ಕೇಳುವ ಮಧ್ಯವರ್ತಿಗಳಿಗೆ ಕೊಡುವ ಮೊದಲು ನೀವೇ ಒಮ್ಮೆ ಪ್ರಯತ್ನಿಸಿ.

ಡಿವಿಡೆಂಡನ್ನು ತಿಂಗಳ ಖರ್ಚಿಗೆ ಯಾಕೆ ನೆಚ್ಚಬಾರದು ಎಂಬುದಕ್ಕೂ ಇದೇ ಷೇರು ಸಾಕ್ಷಿ. 2020ರ ಏಪ್ರಿಲ್‌ನಲ್ಲಿ, ಕೊರೋನಾ ಶುರುವಾದಾಗ, ಆ ವರ್ಷದ ಲಾಭದಿಂದ ಡಿವಿಡೆಂಡ್ ಕೊಡಬೇಡಿ ಎಂದು ರಿಸರ್ವ್ ಬ್ಯಾಂಕ್ ಎಲ್ಲ ಬ್ಯಾಂಕುಗಳಿಗೂ ಹೇಳಿತು. ಎಷ್ಟೇ ಒಳ್ಳೆಯ ಬ್ಯಾಂಕಾದರೂ ಆ ಸಲ ಸೊನ್ನೆ. ಬರೋಡಾ ಬ್ಯಾಂಕ್ 2022ರಲ್ಲಿ ಷೇರಿಗೆ 2.85, 2023ರಲ್ಲಿ 5.50, 2024ರಲ್ಲಿ 7.60, 2025ರಲ್ಲಿ 8.35 ಕೊಟ್ಟಿತು. ಒಳ್ಳೆಯ ಕಾಲದಲ್ಲಿ ಹೀಗೆ ಏರುತ್ತದೆ, ಕೆಟ್ಟ ಕಾಲದಲ್ಲಿ ನಿಂತೇ ಹೋಗುತ್ತದೆ. ಆನ್ಯುಟಿಗೆ ಇಲ್ಲದ ಗುಣ ಮತ್ತು ದೋಷ ಎರಡೂ ಇದರಲ್ಲಿವೆ.

ಆದ್ದರಿಂದ ಗಂಟಿನಲ್ಲಿ ಉಳಿದ 4 ಲಕ್ಷ ಮಾತ್ರ ಷೇರಿಗೆ. ಅದನ್ನೂ ಒಂದೇ ದಿನ ಹಾಕದೆ ಒಂದು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ, ಆರೇಳು ಕಂಪೆನಿಗಳಲ್ಲಿ, ಬೇರೆ ಬೇರೆ ಉದ್ಯಮಗಳಲ್ಲಿ. ಮನೆಯಲ್ಲಿ ಈಗಾಗಲೇ ಬ್ಯಾಂಕ್ ಷೇರು ಇರುವುದರಿಂದ ಇನ್ನಷ್ಟು ಬ್ಯಾಂಕ್ ಬೇಡ. ಕಂಪೆನಿ ಆರಿಸುವಾಗ ಎರಡು ನೋಡಿ. ಹತ್ತು ವರ್ಷ ಡಿವಿಡೆಂಡ್ ಕೊಟ್ಟಿದೆಯೇ, ಮತ್ತು ಗಳಿಸಿದ ಲಾಭದಲ್ಲಿ ಎಷ್ಟು ಪಾಲು ಕೊಡುತ್ತಿದೆ. ಲಾಭಕ್ಕಿಂತ ಜಾಸ್ತಿ ಹಂಚುವ ಕಂಪೆನಿ ಅದನ್ನು ಬಹಳ ಕಾಲ ನಡೆಸಲಾರದು. ಷೇರು ಬೆಲೆಯ ಶೇ 10ರಷ್ಟು ಡಿವಿಡೆಂಡ್ ಕಂಡರೆ ಖುಷಿಪಡಬೇಡಿ. ಒಂದೋ ಅದು ಆಸ್ತಿ ಮಾರಿ ಒಮ್ಮೆ ಕೊಟ್ಟದ್ದು, ಇಲ್ಲವೇ ಏನೋ ಕೆಟ್ಟದ್ದಾಗಿ ಷೇರಿನ ಬೆಲೆ ಕುಸಿದಿದೆ. ಡಿವಿಡೆಂಡಿಗಾಗಿಯೇ ಹಿಂದಿನ ದಿನ ಕೊಳ್ಳುವುದರಲ್ಲೂ ಅರ್ಥವಿಲ್ಲ, ಮರುದಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ.

ಶೇ 3 ಎಂದು ಹಿಡಿದರೆ 4 ಲಕ್ಷಕ್ಕೆ ವರ್ಷಕ್ಕೆ 12,000. ಹಳೆಯ ಬರೋಡಾ ಷೇರಿನಿಂದ ಸುಮಾರು 1,700. ತಿಂಗಳ ಖರ್ಚಿನಲ್ಲಿ ಉಳಿದದ್ದು ವರ್ಷಕ್ಕೆ 24,000, ಆಪತ್ತಿನ ಎಫ್‌ಡಿಯ ಬಡ್ಡಿ 16,000ದಷ್ಟು. ಎಲ್ಲ ಸೇರಿ 53,000 ದಾಟಿತು. ಬೇಕಾದದ್ದು 50,000. ಒಂದು ವರ್ಷ ಡಿವಿಡೆಂಡ್ ಪೂರ್ತಿ ನಿಂತರೂ ಕೊರತೆ ಹತ್ತು ಸಾವಿರ ಮಾತ್ರ. ಎಫ್‌ಡಿಯಿಂದ ತೆಗೆದು ಸುಧಾರಿಸಬಹುದು, ಕುಸಿದ ಬೆಲೆಗೆ ಷೇರು ಮಾರಬೇಕಾಗಿಲ್ಲ.

ತೆರಿಗೆಯ ಮಾತು ಚಿಕ್ಕದು. ಆನ್ಯುಟಿ, ಅಂಚೆ ಬಡ್ಡಿ, ಡಿವಿಡೆಂಡ್ ಎಲ್ಲವೂ ತೆರಿಗೆಗೆ ಒಳಪಟ್ಟದ್ದೇ. ಆದರೆ ಭಾವನ ವರ್ಷದ ವರಮಾನ ಎರಡೂಕಾಲು ಲಕ್ಷದ ಹತ್ತಿರ, ಅಷ್ಟಕ್ಕೆ ತೆರಿಗೆ ಬೀಳುವುದಿಲ್ಲ. ಹಾಗಿದ್ದರೂ ಅಂಚೆಯವರು ಮೂಲದಲ್ಲೇ ತೆರಿಗೆ ಹಿಡಿಯಬಹುದು. 60 ಆಗುವ ತನಕ ಅದರ ಮಿತಿ ವರ್ಷಕ್ಕೆ 50,000 ಬಡ್ಡಿ, 60 ಆದ ಮೇಲೆ 1 ಲಕ್ಷ. ಹಿಡಿಯಬೇಡಿ ಎಂಬ ಸ್ವಘೋಷಣೆಯನ್ನು, ಜನ 15ಜಿ ಮತ್ತು 15ಹೆಚ್ ಎಂದು ಹೇಳುತ್ತಾ ಬಂದದ್ದನ್ನು, ಮೊದಲು ಖಾತೆ ತೆರೆಯುವಾಗ, ಆಮೇಲೆ ಪ್ರತಿ ಏಪ್ರಿಲ್‌ನಲ್ಲಿ ಕೊಡಿ.

ಎಪ್ಪತ್ತರ ಲೆಕ್ಕ

ಬೆಲೆ ವರ್ಷಕ್ಕೆ ಶೇ 6ರಂತೆ ಏರಿದರೆ ಇವತ್ತಿನ 15,000ದ ಖರ್ಚು ಹನ್ನೆರಡು ವರ್ಷದಲ್ಲಿ 30,000 ಆಗುತ್ತದೆ. ಆಗಲೂ ವರಮಾನ 17,000ದಲ್ಲೇ ನಿಂತಿರುತ್ತದೆ. ಇದಕ್ಕೆ ಅಕ್ಕನ ಪಿಪಿಎಫ್ ಇದೆ. ಹದಿನೈದು ವರ್ಷ ತುಂಬಿದೆ, 5 ಲಕ್ಷ ಇದೆ. ಅದನ್ನು ಮುಚ್ಚುವುದು ಬೇಡ ಎಂದೆ. ಹೊಸ ಹಣ ಹಾಕದೆ ಹಾಗೆಯೇ ಬಿಟ್ಟರೂ ಬಡ್ಡಿ ಬರುತ್ತಲೇ ಇರುತ್ತದೆ. 2020ರ ಏಪ್ರಿಲ್‌ನಿಂದ ಅದು ಶೇ 7.1, ತೆರಿಗೆಯೂ ಇಲ್ಲ. ವರ್ಷಕ್ಕೊಮ್ಮೆ ಎಷ್ಟು ಬೇಕಾದರೂ ತೆಗೆಯಬಹುದು. ಒಂದೇ ಎಚ್ಚರ, ಹೊಸ ಹಣ ಹಾಕುತ್ತಾ ಮುಂದುವರಿಸುವ ಆಸೆ ಇದ್ದರೆ ಅವಧಿ ಮುಗಿದ ಒಂದು ವರ್ಷದೊಳಗೆ ಬರೆದುಕೊಡಬೇಕು.

ಈ ದರ ಹೀಗೇ ಇದ್ದರೆ 5 ಲಕ್ಷ ಭಾವನಿಗೆ 70 ಆಗುವಾಗ 11 ಲಕ್ಷದ ಹತ್ತಿರ ಬಂದಿರುತ್ತದೆ. ಆಗಿನಿಂದ ವರ್ಷಕ್ಕೆ 1,20,000, ಅಂದರೆ ತಿಂಗಳಿಗೆ 10,000 ತೆಗೆದರೂ ಹದಿಮೂರು, ಹದಿನಾಲ್ಕು ವರ್ಷ ಬರುತ್ತದೆ. 17,000ಕ್ಕೆ ಇದು ಸೇರಿ 27,000. ಅದರ ಮೇಲೆ 66ಕ್ಕೆ ತೆಗೆಯುವ ಎರಡನೇ ಆನ್ಯುಟಿಯ ಹೆಚ್ಚಿನ ದರ, ಅಷ್ಟರಲ್ಲಿ ಬೆಳೆದ ಡಿವಿಡೆಂಡ್. ಹೀಗೆ 30,000ದ ಹತ್ತಿರ ಹೋಗಬಹುದು. ಪಿಪಿಎಫ್ ಇಲ್ಲದವರು ಈಗಿನ ಗಂಟಿನಿಂದಲೇ ನಾಲ್ಕೈದು ಲಕ್ಷ ಹತ್ತು ವರ್ಷ ಮುಟ್ಟದಂತೆ ಬೇರೆ ಇಡಬೇಕು, ಅದಕ್ಕಾಗಿ ಇವತ್ತಿನ ತಿಂಗಳ ವರಮಾನ ಎರಡು ಸಾವಿರ ಕಡಿಮೆಯಾದರೂ ಸರಿ.

ಒಬ್ಬರೇ ಉಳಿದರೆ

ಕಾಗದದಲ್ಲಿ ಎಲ್ಲ ಹಾಕಿದ ಮೇಲೆ ಇದನ್ನೂ ಪರೀಕ್ಷೆ ಮಾಡಿ. ಭಾವ ಇಲ್ಲದ ದಿನ ಅಕ್ಕನ ಕೈಗೆ ಎಷ್ಟು ಬರುತ್ತದೆ? ಪಿಎಫ್ ಪೆನ್ಷನ್ ಅರ್ಧ ಆಗುತ್ತದೆ, 2,250. ಆನ್ಯುಟಿ ಇಬ್ಬರ ಜೀವಕ್ಕೆ ತೆಗೆದದ್ದರಿಂದ ಪೂರ್ತಿ 4,300. ಅಂಚೆ ಖಾತೆ ಜಂಟಿಯಾಗಿರುವುದರಿಂದ, ಅಷ್ಟರಲ್ಲಿ ಅವಳೂ ಆ ಯೋಜನೆಗೆ ಅರ್ಹಳಾಗಿದ್ದರೆ, ಅವಧಿ ಮುಗಿಯುವ ತನಕ ಅವಳ ಹೆಸರಿನಲ್ಲೇ ಮುಂದುವರಿಸಬಹುದು, 8,200. ಒಟ್ಟು 14,750. ಒಬ್ಬರ ಖರ್ಚಿಗೆ ಸಾಕು. ಆನ್ಯುಟಿಯನ್ನು ಭಾವನ ಒಬ್ಬರ ಹೆಸರಿಗೆ ತೆಗೆದಿದ್ದರೆ ಇದೇ ಅಂಕಿ 10,450ಕ್ಕೆ ಇಳಿಯುತ್ತಿತ್ತು.

ಈ ಹಣ ಅವಳಿಗೆ ತಡೆಯಿಲ್ಲದೆ ಸಿಗಬೇಕಾದರೆ ಉಳಿತಾಯ ಖಾತೆ ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಜಂಟಿ ಇರಬೇಕು. ಡಿಮ್ಯಾಟ್‌ನಲ್ಲಿ, ಪಿಪಿಎಫ್‌ನಲ್ಲಿ, ಎಫ್‌ಡಿಯಲ್ಲಿ ನಾಮಿನಿ ಹೆಸರು ಆಧಾರ್‌ನಲ್ಲಿರುವ ಅಕ್ಷರಗಳಲ್ಲೇ ಇರಬೇಕು. ಒಂದು ನೋಟ್‌ಪುಸ್ತಕದಲ್ಲಿ ಪೆನ್ಷನ್ ಆದೇಶದ ನಂಬರು, ಆನ್ಯುಟಿ ಪಾಲಿಸಿ ನಂಬರು, ಡಿಮ್ಯಾಟ್ ನಂಬರು, ಯಾವ ಹಣ ಯಾವ ತಿಂಗಳು ಬರುತ್ತದೆ ಎಂದು ಬರೆದಿಡಿ. ಅಂಚೆಯದ್ದು ಏಪ್ರಿಲ್, ಜುಲೈ, ಅಕ್ಟೋಬರ್, ಜನವರಿಯ ಮೊದಲ ದಿನಗಳಲ್ಲಿ. ಡಿವಿಡೆಂಡ್ ಹೆಚ್ಚಾಗಿ ಜೂನ್‌ನಿಂದ ಸೆಪ್ಟೆಂಬರ್ ನಡುವೆ. ಅಕ್ಕ ಈ ತಿಂಗಳಿಂದಲೇ ಮಂಗಳವಾರ ಅಂಚೆ ಕಚೇರಿಗೆ ತಾನೇ ಹೋಗುತ್ತೇನೆ ಎಂದಿದ್ದಾಳೆ. ಭಾವ ಜೊತೆಗಿರುವಾಗಲೇ ಅವಳಿಗೆ ಕೌಂಟರಿನ ಕೆಲಸ ಗೊತ್ತಾಗಲಿ ಎಂದು ನಾನೇ ಒತ್ತಾಯಿಸಿದೆ.